‘ಪರದೆ ಮುಕ್ತ ಆಟ’ ಸರಿಯೇ?

ಗೆಳತಿಯೊಬ್ಬಳು ಮೈಸೂರಿನಲ್ಲಿ ಆಟಿಕೆ ಅಂಗಡಿ ತೆರೆಯುತ್ತಿದ್ದಾಳೆ. ಹೆಚ್ಚಿನವು ಚನ್ನಪಟ್ಟಣದ ಮರದ ಆಟಿಕೆಗಳು: ಗಿಲಕಿ, ತಳ್ಳುವ ಗಾಡಿ, ದಾರ ಹಿಡಿದು ಎಳೆಯುವ ಆನೆ. ಕರಪತ್ರಕ್ಕೆ ನಾನು ಬರೆದುಕೊಟ್ಟ ಸಾಲು: ‘ಅಂಬೆಗಾಲಿಡುವ ಮಕ್ಕಳಿಗೆ ಪರದೆ ಮುಕ್ತ ಆಟ’. ಓದಿದ ಅವಳ ಅತ್ತೆ, ‘ಅಂಗಡಿಯಲ್ಲಿ ಪರದೆ ಬಟ್ಟೆಯೂ ಇಡುತ್ತೀಯಾ?’ ಎಂದು ಕೇಳಿದರಂತೆ. ‘ಸ್ಕ್ರೀನ್-ಫ್ರೀ’ ಎಂಬುದಕ್ಕೆ ಒಪ್ಪುವ ಮಾತು ಯಾವುದು?

ಪತ್ರಿಕೆಯಲ್ಲಿ ಕರಡು ತಿದ್ದುವವರು: ತೊಡಕು ‘ಪರದೆ’ಗಿಂತ ‘ಮುಕ್ತ’ದಲ್ಲಿ ಹೆಚ್ಚಿದೆ. ಋಣಮುಕ್ತ, ರೋಗಮುಕ್ತ ಎನ್ನುವಾಗ ಮೊದಲು ಅಂಟಿಕೊಂಡಿದ್ದ ಕಾಟದಿಂದ ಬಿಡುಗಡೆಯಾಯಿತು ಎಂಬ ಅರ್ಥವಿದೆ. ಮರದ ಆನೆಗೆ ಪರದೆ ಎಂದೂ ಅಂಟಿರಲಿಲ್ಲ. ಬಿಡುಗಡೆ ಬೇಕಾದದ್ದು ಮಗುವಿಗೆ, ಆಟಕ್ಕಲ್ಲ. ಬರಿಯ ‘ಇಲ್ಲದ’ ಎಂಬುದಕ್ಕೆ ‘ರಹಿತ’ ಇದೆ: ನಗದುರಹಿತ, ಚಾಲಕರಹಿತ. ಆದರೆ ‘ಪರದೆರಹಿತ ಆಟ’ ಸುತ್ತೋಲೆಯಂತೆ ಕೇಳಿಸುತ್ತದೆ. ಅಂಗಡಿಯ ಬಾಗಿಲಲ್ಲಿ ನಿಂತವರು ಹಾಗೆ ಮಾತನಾಡುವುದಿಲ್ಲ.

ಒಬ್ಬ ಅನುವಾದಕಿ: ‘ಸಕ್ಕರೆ ಮುಕ್ತ ಬಿಸ್ಕತ್ತು’ ಎಂದು ಎಲ್ಲರೂ ಬರೆಯುತ್ತಾರೆ, ಯಾರಿಗೂ ಅರ್ಥ ಕೆಡುವುದಿಲ್ಲ. ಬಳಕೆ ಬದಲಾಗಿದೆ ಎಂದೇ ನನ್ನ ವಾದ. ಪರದೆ ಬೇಡವೆಂದರೆ ‘ತೆರೆ’ ಎನ್ನಿ. ಕಿರುತೆರೆ, ಬೆಳ್ಳಿತೆರೆ ನಮ್ಮಲ್ಲಿ ಇದ್ದೇ ಇವೆ.

ಎರಡು ವರ್ಷದ ಮಗಳ ತಂದೆ: ಮೊಬೈಲ್ ಬಿಡಿಸುವ ಬಗೆಯನ್ನು ಕೇಳುತ್ತಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಮ್ಮವಳಿಗೆ ಮೊಬೈಲ್ ಇಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಈಗ ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ನಾಲ್ಕು ಮರದ ಬಟ್ಟಲು ಇಡುತ್ತೇವೆ. ಒಂದರೊಳಗೊಂದು ಹಾಕಿ ತೆಗೆಯುತ್ತಾ ತಿನ್ನುತ್ತಾಳೆ. ಟಿವಿಯ ಹಠ ಮಾತ್ರ ಹೋಗಿಲ್ಲ.

ಕರಡು ತಿದ್ದುವವರು: ಕೇಳಿದ್ದು ಅದಲ್ಲದಿದ್ದರೂ ನಮಗೆ ಬೇಕಾದದ್ದನ್ನೇ ಹೇಳಿದಿರಿ. ನಿಮ್ಮ ಮಾತಿನಲ್ಲಿ ಪರದೆಯೂ ಇಲ್ಲ, ತೆರೆಯೂ ಇಲ್ಲ. ಮೊಬೈಲ್ ಮತ್ತು ಟಿವಿ ಇವೆ. ‘ತೆರೆ ಇಲ್ಲದ ಆಟ’ ಎಂದರೆ ಕಡಲ ಅಲೆಯನ್ನೂ ನೆನೆಯಬಹುದು. ಕರಪತ್ರದಲ್ಲಿ ವಸ್ತುಗಳ ಹೆಸರನ್ನೇ ಹೇಳುವುದು ಮೇಲು.

ನಿವೃತ್ತ ಕನ್ನಡ ಮೇಷ್ಟ್ರು: ‘ಅಂಬೆಗಾಲಿಡುವ’ ಎಂಬುದನ್ನೂ ತಿದ್ದಿ. ಅಂಬೆಗಾಲು ಎಂದರೆ ಮೊಣಕಾಲೂರಿ ಹರಿದಾಡುವುದು. ದಾರ ಹಿಡಿದು ಆನೆಯನ್ನು ಎಳೆಯುವ ಮಗು ಎದ್ದು ನಡೆಯುತ್ತಿರುತ್ತದೆ. ಅದಕ್ಕೆ ‘ದಟ್ಟಡಿ ಇಡುವ ಮಗು’ ಎಂಬ ಚೆಂದದ ಮಾತಿದೆ.

ಅನುವಾದಕಿ: ಚೆಂದವೇನೋ ಹೌದು ಮೇಷ್ಟ್ರೇ, ಆದರೆ ಇಂದಿನ ತಾಯಂದಿರಲ್ಲಿ ಎಷ್ಟು ಮಂದಿಗೆ ಗೊತ್ತು? ನಿಘಂಟು ನೋಡಬೇಕಾದರೆ ಕರಪತ್ರ ಸೋತಂತೆ.

ಮೇಷ್ಟ್ರು: ಬಳಸದಿದ್ದರೆ ಗೊತ್ತಾಗುವುದು ಹೇಗಮ್ಮ? ಪಕ್ಕದಲ್ಲಿ ಚಿತ್ರವಿದ್ದರೆ ಸಾಕು.

ಎಲ್ಲರಿಗೂ ವಂದನೆ. ಹೀಗೆ ತಿದ್ದಿದ್ದೇನೆ: ‘ಈಗಷ್ಟೇ ನಡೆಯಲು ಕಲಿತ ಕಂದನಿಗೆ ಮೊಬೈಲ್ ಬೇಡ, ಟಿವಿ ಬೇಡ. ದಾರ ಹಿಡಿದು ಹೊರಟರೆ ಹಿಂದೆಯೇ ಬರುತ್ತದೆ ಈ ಆನೆ.’ ‘ದಟ್ಟಡಿ’ಯನ್ನು ಅಂಗಡಿಯ ಒಂದು ಕಪಾಟಿನ ಹೆಸರಾಗಿ ಇಡಬಹುದೇ ಎಂದು ಗೆಳತಿಯನ್ನು ಕೇಳಿದ್ದೇನೆ. ಅವಳು ಇನ್ನೂ ಒಪ್ಪಿಲ್ಲ.