ಅಲ್ಹಾಂಬ್ರಾ ಟಿಕೆಟ್ ಖಾಲಿ, ಗ್ರನಾಡಾ ಯಾವ ದಿನಕ್ಕೆ ಇಟ್ಕೊಳ್ಳೋದು?

ಪ್ರಶ್ನೆ: ದಸರಾ ರಜೆಗೆ, ಅಕ್ಟೋಬರ್ 15 ಕಳೆದ ಮೇಲೆ, ನಾವು ನಾಲ್ವರು ಸ್ಪೇನ್‌ಗೆ ಹೊರಟಿದ್ದೀವಿ. ಶನಿವಾರ ಮ್ಯಾಡ್ರಿಡ್‌ಗೆ ಇಳಿಯೋದು, ಮಂಗಳವಾರ ಗ್ರನಾಡಾದಲ್ಲಿ ಒಂದು ರಾತ್ರಿ, ಬುಧವಾರದಿಂದ ಸೆವಿಯಾ, ಮುಂದಿನ ಶನಿವಾರ ಬಾರ್ಸಿಲೋನಾ. ಬೆಂಗಳೂರಿಂದ ಹೋಗಿ ಬರೋ ವಿಮಾನ ಬಿಟ್ಟು ಏನೂ ಬುಕ್ ಆಗಿಲ್ಲ. ಮಂಗಳವಾರ, ಬುಧವಾರ ಎರಡೂ ದಿನ ಗ್ರನಾಡಾದ ಅಲ್ಹಾಂಬ್ರಾ ಕೋಟೆ-ಅರಮನೆಯ ಟಿಕೆಟ್ ಖಾಲಿ ಅಂತ ತೋರಿಸ್ತಿದೆ. ಏನು ಮಾಡಬಹುದು? ಮಗಳಿಗೆ 9 ವರ್ಷ.

ಒಬ್ಬ ಸದಸ್ಯರು: ಗಾರ್ಡನ್ಸ್ ಟಿಕೆಟ್ ಅಂತ ಒಂದಿದೆ, ಅದು ಸುಲಭವಾಗಿ ಸಿಗುತ್ತೆ. ತಗೊಂಡು ಒಳಗೆ ಹೋಗಿ, ಎಲ್ಲಾ ನೋಡ್ಕೊಂಡು ಬನ್ನಿ.

ಟೂರ್ ಪ್ಲಾನರ್: ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ. ಆ ಟಿಕೆಟ್‌ನಲ್ಲಿ ತೋಟಗಳು, ಹೆನೆರಾಲಿಫೆ ಅನ್ನೋ ಬೇಸಿಗೆ ಅರಮನೆ ಮತ್ತು ಅಲ್ಕಸಾಬಾ ಕೋಟೆ ಮಾತ್ರ ಬರುತ್ತೆ. ಎಲ್ಲರೂ ನೋಡೋಕೆ ಬರೋ ಸಿಂಹಗಳ ಅಂಗಳ ಇರೋದು ನಸ್ರಿದ್ ಅರಮನೆಗಳ ಒಳಗೆ, ಅಲ್ಲಿಗೆ ಅದು ನಡೆಯಲ್ಲ. ಟಿಕೆಟ್ ಬಿಗಿ ಆಗೋದೇ ಈ ಅರಮನೆಗಳಿಂದ: ಅರ್ಧ ಗಂಟೆಗೆ ಸುಮಾರು 300 ಜನರನ್ನಷ್ಟೇ ಬಿಡ್ತಾರೆ. ಟಿಕೆಟ್ ಮೇಲಿರೋ ಸಮಯ ಈ ಬಾಗಿಲಿನದು. ಒಳಗೆ ಹೋದ ಮೇಲೆ ಯಾರೂ ಹೊರಗೆ ಕಳಿಸಲ್ಲ, ಆದರೆ ಆ ಅರ್ಧ ಗಂಟೆ ತಪ್ಪಿದರೆ ಬಿಡಲ್ಲ.

ನಿಮ್ಮ ಪ್ಲಾನ್‌ನಲ್ಲಿ ತೊಂದರೆ ಇರೋದು ಗ್ರನಾಡಾಗೆ ಇಟ್ಕೊಂಡ ದಿನದಲ್ಲಿ. ನಸ್ರಿದ್ ಅರಮನೆಗಳಿಗೆ ರಾತ್ರಿ ಪ್ರವೇಶ ಅಂತ ಬೇರೆಯೇ ಟಿಕೆಟ್ ಇದೆ. ಅಕ್ಟೋಬರ್ 14ರವರೆಗೆ ಅದು ಮಂಗಳವಾರದಿಂದ ಶನಿವಾರದ ತನಕ ಇರುತ್ತೆ. 15ರಿಂದ ಚಳಿಗಾಲದ ವೇಳಾಪಟ್ಟಿ, ಶುಕ್ರವಾರ ಮತ್ತು ಶನಿವಾರ ಮಾತ್ರ, ರಾತ್ರಿ 8ರಿಂದ 9:30. ಅಂದರೆ ಮಂಗಳವಾರ ಹಗಲಿನ ಟಿಕೆಟ್ ಹೋಯ್ತು ಅಂದ್ರೆ ಅವತ್ತು ರಾತ್ರಿ ಟಿಕೆಟ್‌ನ ದಾರಿಯೂ ಇರಲ್ಲ.

ಹಾಗಾಗಿ ಸೆವಿಯಾ, ಗ್ರನಾಡಾ ಅದಲುಬದಲು ಮಾಡಿ. ಮಂಗಳವಾರ ಮ್ಯಾಡ್ರಿಡ್‌ನಿಂದ ಸೆವಿಯಾ, ವೇಗದ ರೈಲಲ್ಲಿ ಎರಡೂವರೆ ಗಂಟೆ. ಗುರುವಾರ ಬೆಳಿಗ್ಗೆ ಗ್ರನಾಡಾಗೆ ಬಂದು ಎರಡು ರಾತ್ರಿ ಇರಿ, ಶನಿವಾರ ಅಲ್ಲಿಂದಲೇ ಬಾರ್ಸಿಲೋನಾಗೆ ವಿಮಾನ. ಈಗ ಗುರುವಾರ ಮಧ್ಯಾಹ್ನ, ಇಡೀ ಶುಕ್ರವಾರ, ಶನಿವಾರ ಬೆಳಿಗ್ಗೆ, ಇಷ್ಟರಲ್ಲಿ ಎಲ್ಲಿ ನಾಲ್ಕು ಸಿಕ್ಕಿದರೂ ನಡೆಯುತ್ತೆ. ಎಲ್ಲೂ ಸಿಗದಿದ್ದರೆ ಶುಕ್ರವಾರ ಹಗಲು ಗಾರ್ಡನ್ಸ್ ಟಿಕೆಟ್, ರಾತ್ರಿ ನಸ್ರಿದ್. ಎರಡೂ ಸೇರಿದರೆ ಏನೂ ಬಿಟ್ಟುಹೋಗಲ್ಲ. ರಾತ್ರಿ ಕಿಟಕಿಯಾಚೆ ಅಲ್ಬೈಸಿನ್ ಅನ್ನೋ ಹಳೇ ಬಡಾವಣೆಯ ನೋಟ ಸಿಗಲ್ಲ, ಫೋಟೋ ಮಂಕು. ಆದರೂ ದೀಪದ ಬೆಳಕಲ್ಲಿ ಗಾರೆ ಕೆತ್ತನೆಯ ಆಳ ಹಗಲಿಗಿಂತ ಚೆನ್ನಾಗಿ ಎದ್ದು ಕಾಣುತ್ತೆ ಅನ್ನೋದು ನನ್ನ ಅಭಿಪ್ರಾಯ.

ಬುಕ್ ಮಾಡೋ ಕ್ರಮ ಮುಖ್ಯ. ಮೊದಲು tickets.alhambra-patronato.es ನಲ್ಲಿ ಸ್ಲಾಟ್ ಹಿಡೀರಿ, ಆಮೇಲೆ ರೈಲು, ಕೊನೆಗೆ ಹೋಟೆಲ್. ಬಹುಪಾಲು ಜನ ಹೋಟೆಲ್‌ನಿಂದ ಶುರು ಮಾಡಿ ಸಿಕ್ಕಿಹಾಕ್ಕೊಳ್ತಾರೆ. ಗುರುವಾರದ ಸ್ಲಾಟ್ ತಗೊಂಡರೆ ರೈಲು ಇಳಿಯೋ ಸಮಯಕ್ಕೂ ಅದಕ್ಕೂ ನಡುವೆ ಕನಿಷ್ಠ ಮೂರು ಗಂಟೆ ಬಿಡಿ. ಚಳಿಗಾಲದಲ್ಲಿ 6ಕ್ಕೆ ಮುಚ್ಚುತ್ತಾರೆ ಅನ್ನೋದೂ ಲೆಕ್ಕದಲ್ಲಿರಲಿ. ಮಗಳಿಗೆ 12 ಆಗಿಲ್ಲವಾದ್ದರಿಂದ ಉಚಿತ, ಆದರೆ ಬುಕಿಂಗ್‌ನಲ್ಲಿ ಅವಳನ್ನೂ ಸೇರಿಸಲೇಬೇಕು. ಮೂರು ಟಿಕೆಟ್ ತಗೊಂಡು ಬಾಗಿಲಲ್ಲಿ ನೋಡ್ಕೊಳ್ಳೋಣ ಅಂದ್ಕೋಬೇಡಿ.

ಇನ್ನೊಬ್ಬ ಸದಸ್ಯೆ: ನಮ್ಮ ಅತ್ತೆಗೆ ಮೊಣಕಾಲು ನೋವು. ನಮ್ಮದು 11 ಗಂಟೆಯ ಸ್ಲಾಟ್. 10ಕ್ಕೆ ಹೆನೆರಾಲಿಫೆ ನೋಡಿ ಅಲ್ಲಿಂದ ಅರಮನೆಗೆ ಹೋಗಬಹುದಾ?

ಟೂರ್ ಪ್ಲಾನರ್: ಬೇಡ ಮೇಡಂ. ಹೆನೆರಾಲಿಫೆ ಒಂದು ತುದಿ, ಅರಮನೆ ಇನ್ನೊಂದು ತುದಿ. ಸಲೀಸಾಗಿ ನಡೆಯೋರಿಗೇ 15-20 ನಿಮಿಷ ಬೇಕು. ಅರಮನೆ ಮೊದಲು ನೋಡಿ. ಟಿಕೆಟ್ ಕೈಯಲ್ಲಿದ್ದರೆ ಮುಖ್ಯ ಕೌಂಟರ್ ಕಡೆ ಹೋಗೋದೇ ಬೇಕಿಲ್ಲ. C30 ಬಸ್ಸಲ್ಲಿ ಬಂದು ಪುಯೆರ್ತಾ ದೆ ಲಾ ಹುಸ್ತಿಸಿಯಾ ಬಾಗಿಲಿಂದ ಒಳಗೆ ಹೋದರೆ ಅರಮನೆ ಹತ್ತಿರ. ಹೆನೆರಾಲಿಫೆ ಆಮೇಲೆ ನಿಧಾನಕ್ಕೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸಾರ್. ಶುಕ್ರವಾರ ಬೆಳಿಗ್ಗೆಗೆ ಎರಡೇ ಕಾಣಿಸ್ತಿದೆ, ಮಧ್ಯಾಹ್ನಕ್ಕೂ ಎರಡು. ಇಬ್ಬಿಬ್ಬರಾಗಿ ಹೋಗೋದಾ?

ಟೂರ್ ಪ್ಲಾನರ್: ಹೋಗಬಹುದು, ಆದರೆ ಮೊದಲು ಗ್ರನಾಡಾ ಕಾರ್ಡ್ ನೋಡಿ. ನಗರದ ಬೇರೆ ಸ್ಮಾರಕಗಳ ಜೊತೆ ಅಲ್ಹಾಂಬ್ರಾನೂ ಅದರಲ್ಲಿ ಬರುತ್ತೆ, ಅದಕ್ಕೆ ಅಂತ ಮೀಸಲಿಟ್ಟ ಟಿಕೆಟ್‌ಗಳೇ ಬೇರೆ, ಕಾರ್ಡ್ ಕೊಳ್ಳುವಾಗಲೇ ನಸ್ರಿದ್ ಸಮಯ ಆರಿಸ್ತೀರಿ. ಹೆಚ್ಚು ದುಡ್ಡು ಅನ್ನೋದು ನಿಜ. ಅದೂ ಇಲ್ಲದಿದ್ದರೆ ಗೈಡ್ ಜೊತೆಗಿನ ಟೂರ್.

ಮತ್ತೊಬ್ಬರು: ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಫಾರ್ಮ್‌ನಲ್ಲಿ ಆ ಜಾಗ ಖಾಲಿ ಬಿಡೋಕೆ ಆಗಲ್ಲ. ಹೆಸರನ್ನೇ ಎರಡು ಸಲ ಹಾಕಬೇಕಾ, ಅಪ್ಪನ ಹೆಸರಾ?

ಟೂರ್ ಪ್ಲಾನರ್: ಅಪ್ಪನ ಹೆಸರು ಬೇಡ, ಪಾಸ್‌ಪೋರ್ಟ್‌ನಲ್ಲಿ ಆ ಜಾಗದಲ್ಲಿ ಇಲ್ಲದ್ದನ್ನ ಟಿಕೆಟ್‌ಗೆ ತರಬಾರದು. ನಾನಾದರೆ ಹೆಸರನ್ನೇ ಎರಡು ಕಡೆ ಹಾಕಿ, ಪಾಸ್‌ಪೋರ್ಟ್ ನಂಬರ್ ಒಂದಕ್ಷರ ತಪ್ಪದಂತೆ ನೋಡ್ಕೊಳ್ತೀನಿ. ಮೂಲ ಪಾಸ್‌ಪೋರ್ಟ್ ಜೊತೆಗಿರಲಿ, ಅರಮನೆ ಬಾಗಿಲಲ್ಲೂ ಕೇಳ್ತಾರೆ.

ಮೊದಲ ಸದಸ್ಯರು: ಹೆಸರನ್ನ ಎರಡು ಪದ ಇದ್ರೆ ಒಡೆದು ಹಾಕೋದು ವಾಸಿ ಅಲ್ವಾ?

ಟೂರ್ ಪ್ಲಾನರ್: ಅದೂ ನಡೆಯಬಹುದು. ಅನುಮಾನ ಇದ್ದರೆ ಕೊಳ್ಳೋ ಮೊದಲೇ ಅಲ್ಹಾಂಬ್ರಾದ ಕಚೇರಿಗೆ ಮೇಲ್ ಹಾಕಿ ಕೇಳಿ, ಉತ್ತರದ ಪ್ರಿಂಟ್ ಇಟ್ಕೊಳ್ಳಿ.