ಹಲಸಿನ ಚಿಪ್ಸ್‌ಗೆ ಹಾಕಿದ ದುಡ್ಡು ಹತ್ತು ತಿಂಗಳಲ್ಲಿ ವಾಪಸ್ ಬರುತ್ತದಾ?

ಪ್ರಶ್ನೆ (ಬದಿಯಡ್ಕ): ನಮ್ಮದು ತೆಂಗಿನೆಣ್ಣೆ ಮಿಲ್ಲು, ಲೆಕ್ಕ ಬರೆಯುವವನು ನಾನು. ಹಲಸಿನ ಚಿಪ್ಸ್ ಶುರು ಮಾಡುವ ಬಗ್ಗೆ ಧಣಿಗಳು ಎರಡು ಪುಟದ ಮೆಮೊ ಕೇಳಿದ್ದಾರೆ. ಯಂತ್ರಕ್ಕೆ 4.2 ಲಕ್ಷ. ತಿಂಗಳಿಗೆ 500 ಕೆಜಿ, ಕೆಜಿಗೆ ಖರ್ಚು 320, ಅಂಗಡಿಗೆ 400. ತಿಂಗಳಿಗೆ 40 ಸಾವಿರ ಲಾಭ. ಜನವರಿಯಲ್ಲಿ ಯಂತ್ರ, ಫೆಬ್ರವರಿಯಲ್ಲಿ ಮಾರಾಟ. ಹತ್ತೂವರೆ ತಿಂಗಳಲ್ಲಿ ದುಡ್ಡು ವಾಪಸ್ ಅಂತ ಬರೆದಿದ್ದೇನೆ. ಸರಿಯಾ?

ಉತ್ತರ (ತಿಂಡಿ ಕಾರ್ಖಾನೆಯಲ್ಲಿ ಲೆಕ್ಕ ನೋಡಿ ನಿವೃತ್ತ, ಕಾಸರಗೋಡು): ಭಾಗಾಕಾರ ಸರಿ ಇದೆ, ಹಲಸು ಒಪ್ಪುವುದಿಲ್ಲ. ಚಿಪ್ಸ್‌ಗೆ ಬೇಕಾದ್ದು ಬಲಿತ ಬಕ್ಕೆ ಕಾಯಿ. ಮಳೆ ಹಿಡಿದ ಮೇಲೆ ಸೊಳೆಯಲ್ಲಿ ನೀರು ಜಾಸ್ತಿ, ಗರಿ ಬರುವುದಿಲ್ಲ. ಫೆಬ್ರವರಿಯಿಂದ ಮೇ ತನಕ ಅಂತಿಟ್ಟುಕೊಂಡರೂ ನಾಲ್ಕೇ ತಿಂಗಳು. ಅಂದರೆ ವರ್ಷಕ್ಕೆ 1.6 ಲಕ್ಷ. ಎರಡು ಸೀಸನ್‌ಗೆ 3.2 ಲಕ್ಷ ಬಂತು. ಉಳಿದ ಒಂದು ಲಕ್ಷ ಬರುವಾಗ ಮೂರನೇ ಸೀಸನ್‌ನ ಏಪ್ರಿಲ್ ಆಗಿರುತ್ತದೆ.

ಇನ್ನೊಂದು, ಅಂಗಡಿಯವರು ದುಡ್ಡು ಯಾವಾಗ ಕೊಡುತ್ತಾರೆ? 45 ದಿನದ ಸಾಲ ಅಂತಿಟ್ಟುಕೊಳ್ಳಿ. ತಿಂಗಳಿಗೆ 1.6 ಲಕ್ಷದ ಖರ್ಚು, ಒಂದೂವರೆ ತಿಂಗಳಿಗೆ 2.4 ಲಕ್ಷ ಹೊರಗೆ. ಅದು ನಷ್ಟ ಅಲ್ಲ, ಆದರೆ ಅಷ್ಟು ದಿನ ಕಟ್ಟಿಬೀಳುತ್ತದೆ. ಹಾಗಾಗಿ ಧಣಿಗಳ ಹತ್ತಿರ ಕೇಳಬೇಕಾದ್ದು 6.6 ಲಕ್ಷ. ಏಪ್ರಿಲ್‌ನಲ್ಲಿ ಮತ್ತೆ ಕೈ ಚಾಚಿದರೆ ಬೈಗುಳ ಗ್ಯಾರಂಟಿ.

ಮಂಜೇಶ್ವರದಿಂದ ಒಬ್ಬರು: ಅಷ್ಟೆಲ್ಲ ಹೆದರಬೇಡಿ ಅಣ್ಣ. ಕೇಂದ್ರದ ಸ್ಕೀಮಿನಲ್ಲಿ ಶೇಕಡಾ 35 ಸಬ್ಸಿಡಿ ಇದೆ. 4.2 ಲಕ್ಷದಲ್ಲಿ ಅಷ್ಟು ಕಳೆದೇ ಬರೆಯಿರಿ.

ಉತ್ತರ: ಸ್ಕೀಮ್ ಇದ್ದದ್ದು ಹೌದು. ಆದರೆ ಅದು ಬ್ಯಾಂಕ್ ಸಾಲದ ಜೊತೆ ಬರುವ ಸಬ್ಸಿಡಿ. ಸ್ವಂತ ದುಡ್ಡಿನಲ್ಲಿ ಯಂತ್ರ ತಂದರೆ ಸಿಗುವುದಿಲ್ಲ. ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಬ್ಯಾಂಕಿನಲ್ಲಿ ಕೇಳಿ, ಬೇರೆ ಸಾಲಿನಲ್ಲಿ ತೋರಿಸಿ. ಮೂಲ ಲೆಕ್ಕದಿಂದ ಕಳೆಯಬೇಡಿ.

ಪೆರ್ಲದಿಂದ ಒಬ್ಬರು: ನಾವು ಮನೆಯಲ್ಲಿ ಹಲಸಿನ ಹಪ್ಪಳ ಮಾಡುತ್ತೇವೆ. ಅದಕ್ಕೂ ಮೆಮೊ ಬೇಕಾ?

ಉತ್ತರ: ಬೇಡ ಅಕ್ಕ. ಮೆಮೊ ಬರೆಯುವುದು ದುಡ್ಡು ಬೇರೆಯವರದ್ದಾದಾಗ.

ಬದಿಯಡ್ಕದವರೇ, ಜನವರಿಯಲ್ಲಿ ಯಂತ್ರ ತರುವುದು ತಡವಲ್ಲ, ಬೇಗ ಆಯಿತು. ನಿಮ್ಮ ಆಹಾರ ಪರವಾನಗಿ ಎಣ್ಣೆಗೆ, ಅದರಲ್ಲಿ ಚಿಪ್ಸ್ ಸೇರಿಸಬೇಕು. ಪ್ಯಾಕೆಟ್ ಮೂರು ತಿಂಗಳು ಬಾಳುತ್ತದಾ ಅನ್ನುವುದೂ ಗೊತ್ತಿಲ್ಲ. ಈ ಸೀಸನ್‌ನಲ್ಲಿ ಬಾಣಲೆಯಲ್ಲೇ 20 ಕೆಜಿ ಹುರಿಯಿರಿ. ಎಷ್ಟು ಕಾಯಿ ಹೋಯಿತು, ಎಷ್ಟು ಎಣ್ಣೆ ಕುಡಿಯಿತು, ತೂಕ ಮಾಡಿ. ನಿಮ್ಮ 320 ನಿಜವಾ ಅಂತ ಅಲ್ಲೇ ಗೊತ್ತಾಗುತ್ತದೆ. ಹದಿನೈದು ದಿನಕ್ಕೊಂದು ಪ್ಯಾಕೆಟ್ ಒಡೆದು ಮೂಸಿ ನೋಡಿ. ಎರಡನೇ ತಿಂಗಳಲ್ಲೇ ಕಮಟು ಬಂದರೆ ಪ್ಯಾಕಿಂಗ್ ಖರ್ಚು ಏರುತ್ತದೆ. ಯಂತ್ರ ಮುಂದಿನ ವರ್ಷಕ್ಕೆ.

ಪ್ರಶ್ನೆ ಕೇಳಿದವರು: ಉಳಿದ ಎಂಟು ತಿಂಗಳು ಅದರಲ್ಲೇ ನೇಂದ್ರ ಚಿಪ್ಸ್ ಹುರಿದರೆ?

ಉತ್ತರ: ಹುರಿಯಬಹುದು. ಆದರೆ ನೇಂದ್ರ ಚಿಪ್ಸ್ ಇಲ್ಲಿ ಪ್ರತಿ ಪೇಟೆಯಲ್ಲೂ ಬಿಸಿ ಬಿಸಿ ಸಿಗುತ್ತದೆ, ಕೆಜಿಗೆ 80 ಉಳಿಯುವುದು ನನಗೆ ಅನುಮಾನ. ಬೇರೆ ಪುಟದಲ್ಲಿ ಲೆಕ್ಕ ಹಾಕಿ, ಹಲಸಿನ ಜೊತೆ ಬೆರೆಸಬೇಡಿ.

ಪ್ರಶ್ನೆ ಕೇಳಿದವರು: ಕುಂಬಳೆಯ ಎರಡು ಅಂಗಡಿಯಲ್ಲಿ ವಿಚಾರಿಸಿದೆ ಅಣ್ಣ. 45 ಅಲ್ಲವಂತೆ, 60 ದಿನ.