ಲ್ಯಾಪ್‌ಟಾಪ್‌ನಲ್ಲಿ ಏಳನೇ ಅಧ್ಯಾಯ, ಡೆಸ್ಕ್‌ಟಾಪ್‌ನಲ್ಲಿ ನಾಲ್ಕನೇದು: ಯಾವ ಸೇವ್ ಉಳಿಸಿಕೊಳ್ಳಲಿ?

ಸಂಜಯ್ ಕೇಳಿದ್ದು:
ಸ್ಟೀಮ್‌ನಲ್ಲಿ ಒಂದೇ ಗೇಮನ್ನು ಎರಡು ಕಂಪ್ಯೂಟರಲ್ಲಿ ಆಡುತ್ತೇನೆ. ಶನಿವಾರ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಏಳನೇ ಅಧ್ಯಾಯದವರೆಗೆ ಆಡಿ, ಗೇಮ್ ಮುಚ್ಚಿ, ತಕ್ಷಣ ಲ್ಯಾಪ್‌ಟಾಪನ್ನೂ ಮುಚ್ಚಿದೆ. ಭಾನುವಾರ ಬೆಳಿಗ್ಗೆ ಡೆಸ್ಕ್‌ಟಾಪ್‌ನಲ್ಲಿ ತೆರೆದರೆ ನಾಲ್ಕನೇ ಅಧ್ಯಾಯ ಬಂತು. ಏನಾಯಿತು ಅಂತ ಸ್ವಲ್ಪ ಓಡಾಡಿ ನೋಡಿ ಹೊರಗೆ ಬಂದೆ. ಈಗ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಶುರುವೇ ಆಗುತ್ತಿಲ್ಲ. ಎರಡರಲ್ಲಿ ಒಂದು ಆರಿಸು ಅಂತ ಕಿಟಕಿ ಬರುತ್ತದೆ. ಲೋಕಲ್ ಸೇವ್ ಶನಿವಾರ ರಾತ್ರಿ 11:40, ಕ್ಲೌಡ್ ಸೇವ್ ಭಾನುವಾರ ಬೆಳಿಗ್ಗೆ 9:15 ಅಂತಿದೆ. ಹೆದರಿ ಕ್ಯಾನ್ಸಲ್ ಮಾಡಿದ್ದೇನೆ. ಯಾವುದನ್ನು ಒತ್ತಲಿ?

ಕಿರಣ್:
ಗುರು, ಸಿಂಪಲ್. ಯಾವಾಗಲೂ ಹೊಸ ತಾರೀಖು ಇರುವುದನ್ನೇ ಆರಿಸಬೇಕು. ನಾನು ಹಾಗೇ ಮಾಡುವುದು, ಒಂದು ಸಲವೂ ಕೈಕೊಟ್ಟಿಲ್ಲ. ಭಾನುವಾರದ್ದು ಹೊಸದು, ಅಂದರೆ ಕ್ಲೌಡ್.

ಶೈಲಜಾ (ಗೇಮ್ ಪ್ರೋಗ್ರಾಮರ್, ಸೇವ್ ವ್ಯವಸ್ಥೆಯ ಕೆಲಸ):
ಸಂಜಯ್, ಕ್ಲೌಡ್ ಒತ್ತಬೇಡಿ. ಕ್ಯಾನ್ಸಲ್ ಮಾಡಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಏಳನೇ ಅಧ್ಯಾಯ ಆ ಲ್ಯಾಪ್‌ಟಾಪ್‌ನಲ್ಲಿ ಬಿಟ್ಟರೆ ಬೇರೆ ಎಲ್ಲೂ ಇಲ್ಲ.

ಕಿರಣ್ ಹೇಳಿದ್ದು ಒಂದೇ ಕಂಪ್ಯೂಟರಲ್ಲಿ ಆಡುವವರಿಗೆ ಬಹಳ ಸಲ ಸರಿಹೋಗುತ್ತದೆ. ಆದರೆ ಆ ಕಿಟಕಿಯಲ್ಲಿ ಕಾಣುವುದು ಫೈಲನ್ನು ಕೊನೆಯ ಸಲ ಬರೆದ ಸಮಯ ಅಷ್ಟೇ. ನೀವು ಎಷ್ಟು ದೂರ ಆಡಿದ್ದೀರಿ ಅನ್ನುವುದು ಅದಕ್ಕೆ ಗೊತ್ತಿಲ್ಲ. ಭಾನುವಾರ ನೀವು ಡೆಸ್ಕ್‌ಟಾಪ್‌ನಲ್ಲಿ ಸುಮ್ನೆ ಓಡಾಡಿದಾಗ ಆಟೋಸೇವ್ ಆಗಿದೆ. ಹಾಗಾಗಿ ನಾಲ್ಕನೇ ಅಧ್ಯಾಯದ ಮೇಲೆ ಹೊಸ ತಾರೀಖು ಬಿತ್ತು. ಕೆಲವು ಗೇಮ್‌ಗಳಲ್ಲಿ ಮೆನು ತೆರೆದು ಸೌಂಡ್ ಕಡಿಮೆ ಮಾಡಿದರೂ ಸಾಕು, ಸೆಟ್ಟಿಂಗ್ಸ್ ಫೈಲೂ ಅದೇ ಗುಂಪಿನಲ್ಲಿ ಇದ್ದರೆ ತಾರೀಖು ಮುಂದೆ ಹೋಗುತ್ತದೆ.

ಡೆಸ್ಕ್‌ಟಾಪ್ ಯಾಕೆ ಏನೂ ಕೇಳದೆ ಹಳೆಯದನ್ನು ತೆರೆಯಿತು, ಲ್ಯಾಪ್‌ಟಾಪ್ ಮಾತ್ರ ಯಾಕೆ ಹಠ ಹಿಡಿಯಿತು ಅಂತ ನಿಮಗೆ ಅನಿಸಿರಬಹುದು. ಕೊನೆಯ ಸಲ ಸಿಂಕ್ ಆದಾಗ ಯಾವ ಫೈಲ್ ಹೇಗಿತ್ತು ಅನ್ನುವ ಪಟ್ಟಿಯನ್ನು ಸ್ಟೀಮ್ ಪ್ರತಿ ಕಂಪ್ಯೂಟರಲ್ಲೂ `remotecache.vdf` ಅನ್ನುವ ಫೈಲಲ್ಲಿ ಇಟ್ಟುಕೊಂಡಿರುತ್ತದೆ. ಗೇಮ್ ಶುರು ಮಾಡುವಾಗ ಎರಡು ವಿಷಯ ನೋಡುತ್ತದೆ. ಆ ಪಟ್ಟಿ ಬರೆದ ಮೇಲೆ ಇಲ್ಲಿನ ಫೈಲ್ ಬದಲಾಗಿದೆಯಾ? ಕ್ಲೌಡ್‌ನಲ್ಲಿ ಬದಲಾಗಿದೆಯಾ? ಒಂದೇ ಕಡೆ ಬದಲಾಗಿದ್ದರೆ ಅದನ್ನು ಇನ್ನೊಂದು ಕಡೆಗೆ ಕಾಪಿ ಮಾಡುತ್ತದೆ, ನಿಮ್ಮನ್ನು ಕೇಳುವುದಿಲ್ಲ. ಎರಡೂ ಕಡೆ ಬದಲಾಗಿದ್ದರೆ ಮಾತ್ರ ಆ ಕಿಟಕಿ.

ಈಗ ಶನಿವಾರಕ್ಕೆ ಬನ್ನಿ. ಅಪ್‌ಲೋಡ್ ಶುರುವಾಗುವುದು ಗೇಮ್ ಮುಚ್ಚಿದ ಮೇಲೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಮಲಗಿದೆ, ಫೈಲ್ ಹೋಗಲಿಲ್ಲ. ಭಾನುವಾರ ಡೆಸ್ಕ್‌ಟಾಪ್ ನೋಡಿದಾಗ ಅಲ್ಲೂ ಬದಲಾವಣೆ ಇಲ್ಲ, ಕ್ಲೌಡಲ್ಲೂ ಇಲ್ಲ. ಅದರ ಪ್ರಕಾರ ಎಲ್ಲ ಸರಿ ಇದೆ, ನಾಲ್ಕನೇ ಅಧ್ಯಾಯ ತೆರೆಯಿತು. ನೀವು ಹೊರಗೆ ಬಂದಾಗ ಹೊಸ ಆಟೋಸೇವ್ ಕ್ಲೌಡಿಗೆ ಹೋಯಿತು. ಆಮೇಲೆ ಲ್ಯಾಪ್‌ಟಾಪ್ ಎದ್ದು ನೋಡಿದರೆ ತನ್ನಲ್ಲೂ ಬದಲಾವಣೆ, ಕ್ಲೌಡಲ್ಲೂ ಬದಲಾವಣೆ. ಎರಡು ಸೇವ್‌ಗಳನ್ನು ಬೆರೆಸಿ ಒಂದು ಮಾಡಲು ಅದಕ್ಕೆ ಬರುವುದಿಲ್ಲ. ಗೇಮಿನ ಫೈಲ್ ಒಳಗೆ ಏನಿದೆ ಅಂತ ಸ್ಟೀಮ್ ಓದುವುದೇ ಇಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದೆ.

ಒತ್ತುವ ಮೊದಲು ಎರಡೂ ಕಡೆಯ ಕಾಪಿ ತೆಗೆದಿಟ್ಟುಕೊಳ್ಳಿ. ಯಾವುದನ್ನು ಆರಿಸಿದರೂ ಇನ್ನೊಂದರ ಮೇಲೆ ಬರೆಯಲಾಗುತ್ತದೆ, ಹಿಂದಿನ ಆವೃತ್ತಿಗೆ ಮರಳುವ ಬಟನ್ ಇಲ್ಲ.

ಕ್ಲೌಡಿನದ್ದು ಸುಲಭ. ಬ್ರೌಸರಿನಲ್ಲಿ ಲಾಗಿನ್ ಆಗಿ `store.steampowered.com/account/remotestorage` ತೆರೆಯಿರಿ. ಗೇಮಿನ ಹೆಸರು ಹುಡುಕಿ, ಪ್ರತಿ ಫೈಲನ್ನೂ ಡೌನ್‌ಲೋಡ್ ಮಾಡಿ. ಅಲ್ಲಿಂದ ಏನೂ ಅಳಿಸಿಹೋಗುವುದಿಲ್ಲ, ಹೆದರಬೇಡಿ.

ಲ್ಯಾಪ್‌ಟಾಪ್‌ನದ್ದು ಹುಡುಕಬೇಕು. ಕೆಲವು ಗೇಮ್‌ಗಳು ಸ್ಟೀಮ್ ಫೋಲ್ಡರಿನ ಒಳಗೆ `userdata`, ಅದರೊಳಗೆ ನಿಮ್ಮ ಖಾತೆಯ ಸಂಖ್ಯೆ, ಗೇಮಿನ ಸಂಖ್ಯೆ, ಕೊನೆಗೆ `remote` ಅನ್ನುವ ಫೋಲ್ಡರಿನಲ್ಲಿ ಇಡುತ್ತವೆ. ತುಂಬಾ ಗೇಮ್‌ಗಳು ಅಲ್ಲಿ ಇಡುವುದಿಲ್ಲ. `Documents`, `Saved Games`, ಇಲ್ಲವೇ `AppData` ಒಳಗಿನ `Local`, `LocalLow`, `Roaming` ನೋಡಿ. ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ, ಒಂದೇ ಫೈಲ್ ಆರಿಸಿಕೊಳ್ಳಬೇಡಿ. ಸ್ಲಾಟ್ ಒಂದು ಫೈಲಲ್ಲಿ, ಸ್ಲಾಟ್‌ಗಳ ಪಟ್ಟಿ ಇನ್ನೊಂದರಲ್ಲಿ ಇರುವ ಗೇಮ್‌ಗಳಿವೆ. ಒಂದು ಹೊಸದು ಒಂದು ಹಳೆಯದು ಸೇರಿದರೆ ಗೇಮ್ ಸ್ಲಾಟ್ ಖಾಲಿ ಅಂತ ತೋರಿಸುತ್ತದೆ.

ನವೀನ್:
ಮೇಡಂ, ನನ್ನದೂ ಇದೇ ಸಮಸ್ಯೆ. ಹೊಸ ಫೋನ್ ತಗೊಂಡೆ, ಗೇಮ್ ಒಂದನೇ ಲೆವೆಲಿಂದ ಶುರುವಾಯಿತು. `userdata` ಫೋಲ್ಡರ್ ಫೋನಲ್ಲಿ ಎಲ್ಲಿರುತ್ತದೆ?

ಶೈಲಜಾ:
ನವೀನ್, ನಿಮ್ಮದು ಬೇರೆ ವಿಷಯ. ಆ ಫೋಲ್ಡರ್ ಫೋನಲ್ಲಿ ಇರುವುದಿಲ್ಲ. ಆನ್‌ಲೈನಲ್ಲೇ ನಡೆಯುವ ಗೇಮ್ ಆದರೆ ನಿಮ್ಮ ಆಟ ಕಂಪನಿಯ ಸರ್ವರಲ್ಲಿ ಖಾತೆಗೆ ಅಂಟಿಕೊಂಡಿರುತ್ತದೆ. ಹೊಸ ಫೋನಲ್ಲಿ ಗೆಸ್ಟ್ ಆಗಿ ಒಳಗೆ ಹೋಗಿದ್ದೀರಾ, ಬೇರೆ ಇಮೇಲಿಂದ ಹೋಗಿದ್ದೀರಾ ಅಂತ ಮೊದಲು ನೋಡಿ. ಹಳೆಯ ಫೋನ್ ರೀಸೆಟ್ ಮಾಡಬೇಡಿ. ಗೆಸ್ಟ್ ಖಾತೆ ಆಗಿದ್ದರೆ ಅದನ್ನು ಹಳೆಯ ಫೋನಿಂದಲೇ ಇಮೇಲಿಗೆ ಜೋಡಿಸಬೇಕಾಗಬಹುದು.

ಸಂಜಯ್:
ಮೇಡಂ, ಫೋಲ್ಡರ್ `LocalLow` ಒಳಗೆ ಸಿಕ್ಕಿತು. ಎರಡೂ ಕಾಪಿ ಮಾಡಿದೆ. ಲ್ಯಾಪ್‌ಟಾಪಿನ `slot1.sav` 3.1 ಎಂಬಿ ಇದೆ, ಕ್ಲೌಡಿಂದ ಇಳಿಸಿದ್ದು 2.4 ಎಂಬಿ. ಆಮೇಲೆ ಲೋಕಲ್ ಒತ್ತಿದೆ. ಏಳನೇ ಅಧ್ಯಾಯ ಬಂತು!! ಈಗ ಡೆಸ್ಕ್‌ಟಾಪ್‌ನಲ್ಲಿ ಏನಾದರೂ ಮಾಡಬೇಕಾ?

ಶೈಲಜಾ:
ಬಹಳ ಸಂತೋಷ. ಆಟ ಮುಂದೆ ಹೋದಂತೆ ಸೇವ್ ಫೈಲ್ ದೊಡ್ಡದಾಗುವ ಗೇಮ್ ಇದು ಅಂತ ಕಾಣುತ್ತದೆ, ಅಂಥ ಗೇಮಲ್ಲಿ ಗಾತ್ರ ಒಳ್ಳೆಯ ಸುಳಿವು. ಎಲ್ಲ ಗೇಮಲ್ಲೂ ಹಾಗಲ್ಲ, ಕೆಲವು ಯಾವಾಗಲೂ ಒಂದೇ ಗಾತ್ರದ ಫೈಲ್ ಬರೆಯುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ಗೇಮ್ ಒಳಗೇ ಒಂದು ಸಲ ಸೇವ್ ಮಾಡಿ ಹೊರಗೆ ಬನ್ನಿ. ಲೈಬ್ರರಿಯಲ್ಲಿ ಗೇಮಿನ ಪುಟದ ಮೇಲ್ಭಾಗದಲ್ಲಿ ಕ್ಲೌಡ್ ಸ್ಥಿತಿ ಕಾಣುತ್ತದೆ. ಸಿಂಕ್ ಮುಗಿದಿದೆ ಅಂತ ಬರುವವರೆಗೆ ಮುಚ್ಚಬೇಡಿ. ಆಮೇಲೆ ಬ್ರೌಸರಿನ ಆ ಪುಟದಲ್ಲಿ ಗಾತ್ರ ಬದಲಾಗಿದೆಯಾ ನೋಡಿ. ಬದಲಾಗಿದ್ದರೆ ಡೆಸ್ಕ್‌ಟಾಪ್ ತೆರೆಯಿರಿ. ಅಲ್ಲಿ ಕಿಟಕಿ ಬರಬಾರದು, ಒಂದೇ ಕಡೆ ತಾನೇ ಬದಲಾಗಿರುವುದು. ಬಂದರೆ ಏನನ್ನೂ ಒತ್ತದೆ ಇಲ್ಲಿ ಬರೆಯಿರಿ.

ಕಿರಣ್:
ಸರಿ, ತಾರೀಖಿನ ವಿಷಯ ಒಪ್ಪಿದೆ. ಆದರೆ ಇನ್ನೊಂದು ಕಂಪ್ಯೂಟರಿಂದ ಅಪ್‌ಲೋಡ್ ಬಾಕಿ ಇದ್ದರೆ ಡೆಸ್ಕ್‌ಟಾಪ್‌ನಲ್ಲಿ ಎಚ್ಚರಿಕೆ ಬರುತ್ತದಲ್ಲ? ನನಗೆ ಬಂದಿದೆ. ಸಂಜಯ್‌ಗೆ ಬರಲಿಲ್ವಾ?

ಸಂಜಯ್:
ಬಂದಿತ್ತೋ ಇಲ್ಲವೋ ನೆನಪಿಲ್ಲ ಗುರು. ಏನೋ ಬಂದರೆ ಮುಂದೆ ಅಂತ ಒತ್ತುವ ಅಭ್ಯಾಸ.

ಶೈಲಜಾ:
ಕಿರಣ್ ಹೇಳಿದ್ದು ನಿಜ, ಅಂಥ ಎಚ್ಚರಿಕೆ ಇದೆ. ಆದರೆ ಬಾಕಿ ಇದೆ ಅಂತ ಲ್ಯಾಪ್‌ಟಾಪ್ ಮಲಗುವ ಮೊದಲು ಸರ್ವರಿಗೆ ಹೇಳಿದ್ದರೆ ತಾನೇ ಬರುವುದು. ನೆಟ್ ಮೊದಲೇ ಕಡಿದಿದ್ದರೆ ಬರುವುದಿಲ್ಲ. ಸ್ಟೀಮ್ ಫೋಲ್ಡರಿನ `logs` ಒಳಗೆ `cloud_log.txt` ಇದೆ. ಶನಿವಾರ 11:40ರ ಸಾಲುಗಳು ಇನ್ನೂ ಉಳಿದಿದ್ದರೆ ಗೊತ್ತಾಗಬಹುದು.

ರೂಪಾ:
ನನ್ನ ಗೇಮ್ ಆಡುತ್ತಿರುವಾಗ ಕರೆಂಟ್ ಹೋಯಿತು. ಅವತ್ತಿಂದ ಕಪ್ಪು ಕಿಟಕಿ ಬಂದು ತಕ್ಷಣ ಮುಚ್ಚಿಹೋಗುತ್ತದೆ. ಆರಿಸು ಅಂತ ಏನೂ ಕೇಳುವುದಿಲ್ಲ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ, ಅದೇ ಕಥೆ. ಗೇಮೇ ಹಾಳಾಗಿದೆಯಾ?

ಶೈಲಜಾ:
ರೂಪಾ, ಮತ್ತೆ ಹಾಕಿದ ಮೇಲೂ ಅದೇ ಜಾಗದಲ್ಲಿ ಮುಚ್ಚಿಹೋದರೆ ನನಗೆ ಮೊದಲು ಅನುಮಾನ ಬರುವುದು ಸೇವ್ ಫೈಲಿನ ಮೇಲೆ. ಅನ್‌ಇನ್‌ಸ್ಟಾಲ್ ಮಾಡಿದರೆ `AppData` ಒಳಗಿನ ಸೇವ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ನೀವೇ ಅಳಿಸಿದರೂ ಕ್ಲೌಡ್ ಅದನ್ನೇ ವಾಪಸ್ ತಂದುಕೊಡುತ್ತದೆ. ಎಷ್ಟು ಸಲ ಹಾಕಿದರೂ ಹಾಳಾದ ಅದೇ ಫೈಲನ್ನು ಓದಿ ಬೀಳುತ್ತದೆ.

ಹೀಗೆ ಪರೀಕ್ಷಿಸಿ. ಗೇಮಿನ ಪ್ರಾಪರ್ಟೀಸ್‌ಗೆ ಹೋಗಿ ಆ ಒಂದು ಗೇಮಿಗೆ ಮಾತ್ರ ಕ್ಲೌಡ್ ಆಫ್ ಮಾಡಿ. ಸೇವ್ ಫೋಲ್ಡರಿನ ಹೆಸರು ಬದಲಿಸಿ, ಕೊನೆಗೆ `_old` ಸೇರಿಸಿ. ಈಗ ಗೇಮ್ ತೆರೆಯಿರಿ. ಹೊಸ ಆಟಗಾರರಿಗೆ ತೆರೆಯುವ ಹಾಗೆ ತೆರೆದರೆ ಗೇಮ್ ಸರಿ ಇದೆ, ತಪ್ಪು ಸೇವ್‌ನದ್ದು. ಆಮೇಲೆ `_old` ಫೋಲ್ಡರಿನಲ್ಲಿ ಪವರ್‌ಶೆಲ್ ತೆರೆದು ಇದನ್ನು ಹಾಕಿ, ಫೈಲ್ ಹೆಸರು ನಿಮ್ಮದು:

```
Format-Hex .\slot1.sav | Select-Object -First 8
```

ಬರೀ `00 00 00` ಸಾಲುಗಳು ಕಂಡರೆ ಒಳಗೆ ಏನೂ ಇಲ್ಲ ಅಂತ ಬಹುಪಾಲು ಖಚಿತ. ಕರೆಂಟ್ ಹೋದಾಗ ಇಂಥದು ಆಗುತ್ತದೆ. ಫೈಲ್ ಇಷ್ಟು ದೊಡ್ಡದು ಅನ್ನುವುದು ಡಿಸ್ಕಿಗೆ ಬರೆದಾಗಿರುತ್ತದೆ, ಒಳಗಿನ ಮಾಹಿತಿ ಇನ್ನೂ ಮೆಮೊರಿಯಲ್ಲೇ ಇರುತ್ತದೆ. ಗಾತ್ರ ಸರಿ ಕಾಣುತ್ತದೆ, ಒಳಗೆ ಸೊನ್ನೆಗಳು. ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಡಿಸ್ಕಿಗೆ ಮುಟ್ಟಿದೆ ಅಂತ ಖಚಿತಪಡಿಸಿಕೊಂಡು, ಆಮೇಲೆ ಹೆಸರು ಬದಲಿಸಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಗೇಮ್ ಬರೆಯುವವರು ದಯವಿಟ್ಟು ಇಷ್ಟು ಮಾಡಬೇಕು. ಆಟಗಾರರ ಎಷ್ಟೋ ಸಂಜೆಗಳು ಆ ಒಂದು ಫೈಲಲ್ಲಿರುತ್ತವೆ.

ರೂಪಾ:
ಕ್ಲೌಡ್ ಆಫ್ ಮಾಡಿ ಹೆಸರು ಬದಲಿಸಿದೆ, ಗೇಮ್ ತೆರೆಯಿತು. ಹಳೆಯ ಫೈಲಲ್ಲಿ ಎಲ್ಲ ಸೊನ್ನೆ. ಬ್ರೌಸರಿಂದ ಇಳಿಸಿದ ಕ್ಲೌಡ್ ಫೈಲೂ ಹಾಗೇ. `.bak` ಅಂತ ಏನೂ ಇಲ್ಲ. ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಇದೇ ಖಾತೆಯಿಂದ ಹಿಂದೆ ಆಡಿದ್ದೆ, ಅದನ್ನು ಆಮೇಲೆ ತೆರೆದೇ ಇಲ್ಲ. ಅದರಲ್ಲಿ ಸಿಗಬಹುದಾ?

ಶೈಲಜಾ:
ಸಿಗಬಹುದು. ಆದರೆ ಜೋಪಾನ. ಅದನ್ನು ಆನ್ ಮಾಡಿ ಗೇಮ್ ತೆರೆದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಅಲ್ಲಿ ಬದಲಾವಣೆ ಇಲ್ಲ, ಕ್ಲೌಡಲ್ಲಿ ಇದೆ, ಹಾಗಾಗಿ ಸೊನ್ನೆ ಫೈಲ್ ಏನೂ ಕೇಳದೆ ಒಳ್ಳೆಯದರ ಮೇಲೆ ಬಂದು ಕೂರುತ್ತದೆ.

ಲ್ಯಾಪ್‌ಟಾಪ್ ಆನ್ ಮಾಡುವ ಮೊದಲೇ ಮನೆಯ ವೈಫೈ ರೌಟರ್ ಆಫ್ ಮಾಡಿ. ಸ್ಟೀಮ್ ತಾನಾಗಿ ತೆರೆದರೆ ಮುಚ್ಚಿ. ಸೇವ್ ಫೋಲ್ಡರನ್ನು ಪೆನ್ ಡ್ರೈವಿಗೆ ಕಾಪಿ ಮಾಡಿ, ಅಲ್ಲೇ `Format-Hex` ಹಾಕಿ ನೋಡಿ. ಸೊನ್ನೆ ಅಲ್ಲದೆ ಬೇರೆ ಏನಾದರೂ ಕಂಡರೆ ಅದನ್ನು ನಿಮ್ಮ ಕಂಪ್ಯೂಟರಿನ ಸೇವ್ ಜಾಗಕ್ಕೆ ಹಾಕಿ, ಕ್ಲೌಡ್ ಆಫ್ ಇರುವಾಗಲೇ ಗೇಮ್ ತೆರೆದು ಲೋಡ್ ಮಾಡಿ, ಸೇವ್ ಮಾಡಿ, ಹೊರಗೆ ಬನ್ನಿ. ಅದಾದ ಮೇಲೆ ಕ್ಲೌಡ್ ಆನ್ ಮಾಡಿ. ಆರಿಸು ಅಂತ ಕೇಳಿದರೆ ಲೋಕಲ್.

ರೂಪಾ:
ಅಣ್ಣ ಊರಲ್ಲಿಲ್ಲ, ಲ್ಯಾಪ್‌ಟಾಪ್ ಅವನ ಜೊತೆ ಇದೆ. ಆನ್ ಮಾಡಬೇಡ ಅಂತ ಈಗಲೇ ಫೋನ್ ಮಾಡುತ್ತೇನೆ.